ಊಟದ ಮನೆಯ ವಾಶ್ ಬೇಸಿನ್: ನಾಲ್ಕು ಬಗೆಯಲ್ಲಿ ಯಾವುದು ನಿಮಗೆ?

ಅಂಗಡಿಯಲ್ಲಿ ವಾಶ್ ಬೇಸಿನ್ ನೋಡುವಾಗ ಅದರಲ್ಲಿ ನೀರು ಹರಿಯುತ್ತಿರುವುದಿಲ್ಲ. ಹಿಂದೆ ಚೆಂದದ ಟೈಲ್ಸ್, ಮೇಲೊಂದು ಲೈಟು, ನಡುವೆ ಒಣಗಿ ಹೊಳೆಯುವ ಬೇಸಿನ್. ಮನೆಯಲ್ಲಿ ಅದರ ಮುಂದೆ ಬಂದು ನಿಲ್ಲುವುದು ಸಾರನ್ನ ಕಲಸಿದ ಕೈ. ಬಾಯಿ ಮುಕ್ಕಳಿಸುವ ತಾತ, ನಲ್ಲಿಯನ್ನು ಪೂರ್ತಿ ತಿರುಗಿಸಿ ಆಟವಾಡುವ ಮಗು, ಊಟ ಮುಗಿಸಿ ಸಾಲಾಗಿ ನಿಂತ ನೆಂಟರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಬಚ್ಚಲಿನೊಳಗಿನ ಬೇಸಿನ್‌ನಿಂದ ನೀರು ಚೆಲ್ಲಿದರೆ ಅಷ್ಟೇನೂ ತೊಂದರೆ ಇಲ್ಲ, ಆ ನೆಲ ಹೇಗೂ ಒದ್ದೆಯಾಗುವಂಥದ್ದೇ. ಊಟದ ಮನೆಯಲ್ಲಿ ಹಾಗಲ್ಲ. ಚೆಲ್ಲಿದ ನೀರನ್ನು ತುಳಿದುಕೊಂಡೇ ಎಲ್ಲರೂ ಹಾಲ್‌ಗೆ ಹೋಗುತ್ತಾರೆ. ಅದಕ್ಕೇ ಇಲ್ಲಿ ಊಟದ ಮನೆಯ ಬೇಸಿನ್ ಇಟ್ಟುಕೊಂಡೇ ನಾಲ್ಕು ಬಗೆಯನ್ನೂ ಹೋಲಿಸುತ್ತೇನೆ. ಬಚ್ಚಲಿನ ಬೇಸಿನ್ ಆರಿಸುವವರಿಗೂ ಇದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ.

ನಾಲ್ಕು ಬಗೆ ಅಂದರೆ, ಗ್ರಾನೈಟ್ ಸ್ಲ್ಯಾಬಿನ ಮೇಲೆ ಬಟ್ಟಲಿನಂತೆ ಕೂರುವ ಟೇಬಲ್ ಟಾಪ್, ಗೋಡೆಗೆ ಬೋಲ್ಟ್ ಹಾಕಿ ತೂಗುಬಿಡುವ ವಾಲ್ ಹಂಗ್, ಕೆಳಗೆ ಸೆರಾಮಿಕ್ ಕಂಬ ಇರುವ ಪೆಡಸ್ಟಲ್, ಮತ್ತೆ ಸ್ಲ್ಯಾಬಿನ ಅಡಿಯಲ್ಲಿ ಅಂಟಿಸುವ ಅಂಡರ್ ಕೌಂಟರ್. ಟೇಬಲ್ ಟಾಪ್‌ಗೆ ಕೌಂಟರ್ ಟಾಪ್ ಅಂತಲೂ ಹೇಳುತ್ತಾರೆ, ಆದರೆ ಹಾಗೆ ಕೇಳಿದರೆ ಅಂಗಡಿಯವರು ಒಮ್ಮೊಮ್ಮೆ ಬೇರೆಯದನ್ನೇ ತೋರಿಸುತ್ತಾರೆ. ಅದರ ಅಂಚು ಮಾತ್ರ ಸ್ಲ್ಯಾಬಿನ ಮೇಲಿರುತ್ತದೆ, ಬಟ್ಟಲು ಒಳಗೆ ಇಳಿದಿರುತ್ತದೆ. ಬಾಯಲ್ಲಿ ಹೆಸರು ಹೇಳುವುದಕ್ಕಿಂತ ಫೋಟೋ ತೋರಿಸುವುದು ಒಳ್ಳೆಯದು.

ಮೊದಲು ಎತ್ತರ

ನೆಲದಿಂದ ಬೇಸಿನ್ ಅಂಚಿನವರೆಗೆ ಸುಮಾರು 32 ಇಂಚು ಇದ್ದರೆ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಸರಿಹೋಗುತ್ತದೆ. ಮನೆಯವರೆಲ್ಲ ಎತ್ತರದವರಾದರೆ 33 ಅಥವಾ 34 ಇಡಬಹುದು. ನೆಲ ಅಂದರೆ ಟೈಲ್ಸ್ ಹಾಕಿದ ಮೇಲಿನ ನೆಲ, ಕಾಂಕ್ರೀಟಿನ ನೆಲವಲ್ಲ. ಪ್ಲಂಬರ್ ಗೋಡೆ ಕೊರೆಯುವಾಗ ಟೈಲ್ಸ್ ಇನ್ನೂ ಬಂದಿರುವುದಿಲ್ಲ, ಅಲ್ಲೇ ಎರಡು ಇಂಚು ಆಚೀಚೆ ಆಗುವುದು.

ಅತಿ ಹೆಚ್ಚು ಮನೆಗಳಲ್ಲಿ ಆಗುವ ಎಡವಟ್ಟು ಟೇಬಲ್ ಟಾಪ್‌ನದು. ಮೇಸ್ತ್ರಿ ಅಡುಗೆಮನೆ ಕಟ್ಟೆಯ ಅಭ್ಯಾಸದಲ್ಲಿ ಇಲ್ಲೂ 32, 33 ಇಂಚಿಗೆ ಸ್ಲ್ಯಾಬ್ ಹಾಕಿಬಿಡುತ್ತಾರೆ. ಅದರ ಮೇಲೆ ಆರು ಇಂಚು ಎತ್ತರದ ಬಟ್ಟಲು ಕೂತರೆ ಅಂಚು 38, 39 ಇಂಚಿಗೆ ಹೋಗುತ್ತದೆ. ಐದಡಿ ಎರಡು ಇಂಚು ಎತ್ತರದವರ ಮೊಣಕೈ ಇರುವುದೇ ಹೆಚ್ಚುಕಡಿಮೆ ಅಲ್ಲಿ. ಅಂಚು ದಾಟಿಸಿ ಕೈ ಒಳಗಿಡಬೇಕಾದರೆ ಅಂಗೈ ಮೊಣಕೈಗಿಂತ ಮೇಲೆ ಬರುತ್ತದೆ. ಆಗ ನೀರು ಬಟ್ಟಲಿಗೆ ಬೀಳುವ ಬದಲು ತೋಳಿನ ಮೇಲೆ ಹಿಂದಕ್ಕೆ ಹರಿದು, ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಸೀರೆ, ಅಂಗಿ ತೋಳು ಎಲ್ಲ ಒದ್ದೆ. ಜನ ನಲ್ಲಿಯನ್ನು ಬೈಯುತ್ತಾರೆ, ಬೇಸಿನ್ ಕಂಪನಿಯನ್ನು ಬೈಯುತ್ತಾರೆ. ತಪ್ಪು ಇರುವುದು ಸ್ಲ್ಯಾಬಿನ ಎತ್ತರದಲ್ಲಿ.

ಲೆಕ್ಕ ಸುಲಭ. 32ರಲ್ಲಿ ಬಟ್ಟಲಿನ ಎತ್ತರ ಕಳೆಯಿರಿ. ಐದೂವರೆ ಇಂಚಿನ ಬಟ್ಟಲಾದರೆ ಸ್ಲ್ಯಾಬಿನ ಮೇಲ್ಮೈ ಇಪ್ಪತ್ತಾರೂವರೆ ಇಂಚಿಗೆ ಬರಬೇಕು. ನೋಡಲು ತೀರಾ ತಗ್ಗು ಅನ್ನಿಸುತ್ತದೆ, ಮೇಸ್ತ್ರಿಯೂ "ಇಷ್ಟು ಕೆಳಗಾ?" ಅಂತ ಕೇಳಿಯೇ ಕೇಳುತ್ತಾರೆ. ಅವರ ಮಾತಿಗೆ ಬಗ್ಗಬೇಡಿ. ಅಂಡರ್ ಕೌಂಟರ್ ಆದರೆ ಸ್ಲ್ಯಾಬೇ ಅಂಚು, ಹಾಗಾಗಿ ಅದನ್ನೇ 32ಕ್ಕೆ ಹಾಕಿಸಿ. ವಾಲ್ ಹಂಗ್‌ನಲ್ಲಿ ಬೋಲ್ಟ್ ಎಲ್ಲಿ ಹಾಕುತ್ತೀರೋ ಅದೇ ಎತ್ತರ, ನಿಮ್ಮ ಇಷ್ಟ. ಪೆಡಸ್ಟಲ್‌ನಲ್ಲಿ ಮಾತ್ರ ಕಂಬ ಎಷ್ಟಿದೆಯೋ ಅಷ್ಟೇ. ಕುಳ್ಳಗಿನವರಿಗಾಗಿ ಇಳಿಸಲು ಬರುವುದಿಲ್ಲ, ಎತ್ತರಿಸಬೇಕಾದರೆ ಕೆಳಗೆ ಕಲ್ಲು ಇಡಬೇಕು.

ನೀರು ಎಲ್ಲಿಗೆ ಹಾರುತ್ತದೆ, ಹಾರಿದ್ದು ಎಲ್ಲಿ ನಿಲ್ಲುತ್ತದೆ

ನೀರು ಹಾರುವುದಕ್ಕೆ ಬೇಸಿನ್‌ನ ಬಗೆಗಿಂತ ಬಟ್ಟಲಿನ ಆಕಾರ ಜಾಸ್ತಿ ಕಾರಣ. ತಟ್ಟೆಯಂತೆ ಚಪ್ಪಟೆ ತಳ, ಮೂರು ನಾಲ್ಕು ಇಂಚು ಆಳ ಇರುವ ಬೇಸಿನ್‌ಗಳು ಈಗ ತುಂಬ ಓಡುತ್ತಿವೆ. ಮೇಲಿಂದ ಬಿದ್ದ ಧಾರೆ ಚಪ್ಪಟೆ ತಳಕ್ಕೆ ಬಡಿದು ನೇರ ಹೊಟ್ಟೆಯ ಮೇಲೆ ಹಾರುತ್ತದೆ. ಒಳಗೆ ಐದಾರು ಇಂಚು ಆಳ ಇರಲಿ, ತಳ ನೀರು ಇಳಿಯುವ ಜಾಲರಿಯ ಕಡೆಗೆ ಇಳಿಜಾರಾಗಿರಲಿ. ನಲ್ಲಿಯ ಧಾರೆ ಜಾಲರಿಯ ಹತ್ತಿರದ ಇಳಿಜಾರಿನ ಮೇಲೆ ಬೀಳಬೇಕು. ಸರಿಯಾಗಿ ಜಾಲರಿಯ ಲೋಹದ ಮೇಲೆಯೇ ಬಿದ್ದರೆ ಅಲ್ಲಿಂದಲೂ ಹನಿ ಸಿಡಿಯುತ್ತದೆ.

ನಲ್ಲಿಯ ಮೂತಿ ಹಿಂದಿನ ಅಂಚಿನಿಂದ ನಾಲ್ಕೈದು ಇಂಚಾದರೂ ಬಟ್ಟಲಿನ ಒಳಕ್ಕೆ ಚಾಚಿಕೊಂಡಿರಬೇಕು. ಇಲ್ಲದಿದ್ದರೆ ಕೈ ಉಜ್ಜುವಾಗ ಗೆಣ್ಣು ಹಿಂದಿನ ಗೋಡೆಗೆ ತಾಗುತ್ತದೆ, ನೀರು ಬೆರಳ ಸಂದಿಯಿಂದ ಸ್ಲ್ಯಾಬಿಗೆ ಹೋಗುತ್ತದೆ. ಟೇಬಲ್ ಟಾಪ್‌ಗೆ ಉದ್ದ ಕತ್ತಿನ ನಲ್ಲಿ ಬೇಕು. ಆದರೆ ಎತ್ತರ ಅತಿಯಾಗಬಾರದು. ಅಂಚಿಗಿಂತ ನಾಲ್ಕೈದು ಇಂಚು ಮೇಲೆ ಮೂತಿ ಇದ್ದರೆ ಕೈ ಆಡಿಸಲು ಸಾಕು. ಅಲ್ಲಿಂದ ಮೇಲಕ್ಕೆ ಹೋದಷ್ಟೂ ಸಿಡಿತ ಹೆಚ್ಚು.

ಇನ್ನೊಂದು ಕಾರಣ ನೀರಿನ ಒತ್ತಡ. ತಾರಸಿ ಮೇಲೆ ಟ್ಯಾಂಕ್, ಕೆಳಗೆ ಎರಡು ಅಂತಸ್ತು. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಬರುತ್ತದೆ. ಹಾಗಾಗಿ ಮೇಲಿನ ಮನೆಯಲ್ಲಿ ಸುಮ್ಮನಿರುವ ಬೇಸಿನ್ ಕೆಳಗಿನ ಮನೆಯಲ್ಲಿ ಎರಚಾಡುತ್ತದೆ. ಇದಕ್ಕೆ ಕಾಸಿಲ್ಲದ ಉಪಾಯ ಬೇಸಿನ್ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್, ಅಂದರೆ ಆ್ಯಂಗಲ್ ಕಾಕ್‌ನಲ್ಲೇ ಇದೆ. ನಲ್ಲಿಯನ್ನು ಪೂರ್ತಿ ತೆರೆದಿಟ್ಟು, ಆ್ಯಂಗಲ್ ಕಾಕನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಹಾರುವುದು ನಿಂತ ಕಡೆ ಬಿಟ್ಟುಬಿಡಿ. ಆಮೇಲೆ ಮಗು ಎಷ್ಟು ತಿರುಗಿಸಿದರೂ ಅಷ್ಟೇ ನೀರು. ಬೋರ್‌ವೆಲ್ ನೀರಿನ ಮನೆಯಲ್ಲಿ ನಲ್ಲಿ ಬಾಯಿಯ ಜಾಲರಿಗೆ ಸುಣ್ಣ ಕಟ್ಟಿಕೊಂಡಿದ್ದರೂ ಧಾರೆ ಅಡ್ಡಡ್ಡ ಚಿಮ್ಮುತ್ತದೆ. ಅದನ್ನು ಬಿಚ್ಚಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿದರೆ ಸರಿಹೋಗುತ್ತದೆ.

ಇಷ್ಟು ಮಾಡಿದರೂ ಒಂದಿಷ್ಟು ನೀರು ಹೊರಗೆ ಬಿದ್ದೇ ಬೀಳುತ್ತದೆ. ನಾಲ್ಕು ಬಗೆಗೂ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲೇ. ಅಂಡರ್ ಕೌಂಟರ್‌ನಲ್ಲಿ ಸ್ಲ್ಯಾಬಿನ ಮೇಲೆ ಬಿದ್ದ ನೀರನ್ನು ಅಂಗೈಯಲ್ಲಿ ಎಳೆದರೆ ಬಟ್ಟಲೊಳಗೆ ಹೋಯಿತು. ನಡುವೆ ಅಡ್ಡ ಏನೂ ಇಲ್ಲ. ಟೇಬಲ್ ಟಾಪ್‌ನಲ್ಲಿ ಅದೇ ನೀರಿಗೆ ಐದಿಂಚಿನ ಗೋಡೆ ಅಡ್ಡ. ಅದು ಸ್ಲ್ಯಾಬಿನ ಮೇಲೇ ಕೂರಬೇಕು, ಇಲ್ಲ ಮುಂದಿನ ಅಂಚಿನಿಂದ ಬೀರು ಬಾಗಿಲ ಮೇಲೆ ಇಳಿಯಬೇಕು. ಬಟ್ಟೆಯಲ್ಲಿ ಒರೆಸಿ ಹಿಂಡಿಯೇ ತೆಗೆಯಬೇಕು. ವಾಲ್ ಹಂಗ್, ಪೆಡಸ್ಟಲ್‌ಗಳಲ್ಲಿ ನೀರು ನಿಲ್ಲುವ ಜಾಗವೇ ಇಲ್ಲ, ಚೆಲ್ಲಿದ್ದೆಲ್ಲ ನೇರ ನೆಲಕ್ಕೆ. ಅಗಲ 16 ಇಂಚಿಗಿಂತ ಕಡಿಮೆ ಇರುವ ಪುಟ್ಟ ವಾಲ್ ಹಂಗ್ ಬೇಸಿನ್ ಊಟದ ಮನೆಗೆ ಬೇಡವೇ ಬೇಡ ಅನ್ನುತ್ತೇನೆ ನಾನು. ಅದರ ಮುಂದೆ ಯಾವಾಗಲೂ ಒಂದು ಕಾಲೊರೆಸು ಒದ್ದೆಯಾಗಿ ಬಿದ್ದಿರುತ್ತದೆ.

ಒರೆಸುವವರ ಕಣ್ಣಿನಿಂದ

ಟೇಬಲ್ ಟಾಪ್ ಬಟ್ಟಲನ್ನು ಒರೆಸುವುದು ಸುಲಭ, ಅದರ ಸುತ್ತ ಒರೆಸುವುದು ಕಷ್ಟ. ಬಟ್ಟಲು ಸ್ಲ್ಯಾಬಿಗೆ ತಾಗುವ ಕಡೆ ಸುತ್ತಲೂ ಸಿಲಿಕಾನ್ ಎಳೆದಿರುತ್ತಾರೆ. ಅಲ್ಲಿ ನೀರು ನಿಂತು, ಸೋಪಿನ ಜಿಡ್ಡು ಸೇರಿ, ಕೆಲವೇ ತಿಂಗಳಲ್ಲಿ ಕಪ್ಪು ಗೆರೆ ಮೂಡುತ್ತದೆ. ಇನ್ನೂ ಕಷ್ಟದ ಜಾಗ ಬಟ್ಟಲಿನ ಹಿಂಬದಿ. ಗೋಡೆಗೂ ಬಟ್ಟಲಿಗೂ ಎರಡು ಇಂಚು ಸಂದಿ ಬಿಟ್ಟರೆ ಅಲ್ಲಿಗೆ ಬಟ್ಟೆ ಹಿಡಿದ ಕೈ ಹೋಗುವುದಿಲ್ಲ. ನಾಲ್ಕು ಇಂಚು ಬೇಕು. ಅಷ್ಟು ಜಾಗ ಇಲ್ಲದ ಮನೆಗೆ ಟೇಬಲ್ ಟಾಪ್ ತರುವುದು ಬೇಡ.

ಅಂಡರ್ ಕೌಂಟರ್‌ನಲ್ಲಿ ಕೊಳೆ ಕೂರುವುದು ಕಣ್ಣಿಗೆ ಕಾಣದ ಕಡೆ, ಗ್ರಾನೈಟಿನ ಅಂಚಿನ ಅಡಿಯಲ್ಲಿ. ಗ್ರಾನೈಟ್ ಬಟ್ಟಲಿಗಿಂತ ಮುಂದೆ ಚಾಚಿಕೊಂಡಿದ್ದರೆ ಅದರ ಕೆಳಗೆ ಲೋಳೆ ಕಟ್ಟುತ್ತದೆ. ಬೆರಳನ್ನು ಅಂಚಿನ ಅಡಿಗೆ ಹಾಕಿ ಒಂದು ಸುತ್ತು ಎಳೆದು ನೋಡಿ, ಬೆರಳು ಜಾರಿದರೆ ಅಲ್ಲಿ ಲೋಳೆ ಇದೆ ಅಂತ ಅರ್ಥ. ವಾರಕ್ಕೊಮ್ಮೆ ಬ್ರಶ್ ಹಾಕಬೇಕು. ಕತ್ತರಿಸುವಾಗಲೇ ಗ್ರಾನೈಟಿನ ಅಂಚೂ ಬಟ್ಟಲಿನ ಒಳಗೋಡೆಯೂ ಒಂದೇ ಗೆರೆಗೆ ಬರುವಂತೆ ಮಾಡಿಸಿ, ಆ ಅಂಚಿಗೆ ಪಾಲಿಶ್ ಕೊಡಿಸಿದರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ. ಪಾಲಿಶ್ ಇಲ್ಲದ ಒರಟು ಅಂಚು ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಾಲ್ ಹಂಗ್ ಈ ವಿಷಯದಲ್ಲಿ ಎಲ್ಲಕ್ಕಿಂತ ಆರಾಮ. ಕೆಳಗೆ ಮಾಪ್ ಸಲೀಸಾಗಿ ಓಡುತ್ತದೆ. ಬೇಸಿನ್ ಕೆಳಗಿನ ಪೈಪಿನಲ್ಲಿ ಕೊಳೆ ತಂಗುವ ಬಾಟಲ್ ಟ್ರ್ಯಾಪ್ ಎದುರಿಗೇ ಇರುವುದರಿಂದ ಕಟ್ಟಿಕೊಂಡರೆ ಕೆಳಗೊಂದು ಬಕೆಟ್ ಇಟ್ಟು, ಟ್ರ್ಯಾಪಿನ ತಳದ ಬಟ್ಟಲನ್ನು ಕೈಯಲ್ಲೇ ಬಿಚ್ಚಿ ತೊಳೆದು ಹಾಕಬಹುದು. ಊಟದ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಅನ್ನದ ಅಗುಳು, ಕರಿಬೇವು, ಎಣ್ಣೆ ಜಿಡ್ಡು ಎಲ್ಲ ಬಂದು ಸೇರುವುದು ಅಲ್ಲಿಗೇ. ನೀರು ಇಳಿಯುವುದು ನಿಧಾನವಾಗಿ ಗುಳುಗುಳು ಅಂದರೆ ಟ್ರ್ಯಾಪ್ ತುಂಬುತ್ತಿದೆ ಅಂತ. ಯಾವ ಬಗೆಯ ಬೇಸಿನ್ ಆದರೂ ಊಟದ ಮನೆಗೆ ಒತ್ತಿ ಮುಚ್ಚುವ ಪಾಪ್ ಅಪ್ ಬೇಡ, ತೂತುತೂತಿನ ಜಾಲರಿ ಇರಲಿ. ಪಾಪ್ ಅಪ್‌ನ ಮುಚ್ಚಳದ ಕೆಳಗೆ ಅಗುಳು ಸಿಕ್ಕಿಕೊಳ್ಳುತ್ತದೆ. ಮೇಲಾಗಿ ಎಷ್ಟೋ ಟೇಬಲ್ ಟಾಪ್ ಬಟ್ಟಲುಗಳಿಗೆ ಮೇಲುಗಡೆ ಓವರ್‌ಫ್ಲೋ ತೂತು ಇರುವುದಿಲ್ಲ. ಮಗು ಮುಚ್ಚಳ ಒತ್ತಿ, ನಲ್ಲಿ ಬಿಟ್ಟು ಹೋದರೆ ಮನೆಯೆಲ್ಲ ನೀರು.

ಪೆಡಸ್ಟಲ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಕಂಬ ಪೈಪನ್ನು ಮರೆಮಾಡುತ್ತದೆ, ನಿಜ. ಆದರೆ ಕಂಬದ ಹಿಂದಿನ ಆ ಸಂದಿಯಲ್ಲಿ ಕೂದಲು, ಧೂಳು, ಜೇಡರ ಬಲೆ, ಜಿರಳೆ ಎಲ್ಲಕ್ಕೂ ಜಾಗ. ಟ್ರ್ಯಾಪ್ ಬಿಚ್ಚಬೇಕಾದರೆ ಮೊದಲು ಕಂಬ ಸರಿಸಬೇಕು. ಕಂಬವನ್ನು ನೆಲಕ್ಕೆ ವೈಟ್ ಸಿಮೆಂಟ್ ಹಾಕಿ ಕೂರಿಸಿದ್ದರೆ ಅದು ಒಡೆಯದೆ ಬರುವುದು ಕಷ್ಟ, ಹಾಗಾಗಿ ಸಿಲಿಕಾನ್ ಹಾಕಲು ಹೇಳಿ. ಇನ್ನೊಂದು ಮಾತು. ಕಂಬ ಇದೆಯಲ್ಲ, ಬೇಸಿನ್ ಅದರ ಮೇಲೆ ನಿಂತಿದೆ ಅಂತ ಗೋಡೆಯ ಬೋಲ್ಟ್ ಬಿಡುವ ಪ್ಲಂಬರ್‌ಗಳಿದ್ದಾರೆ. ಹಾಗೆ ಬಿಡಬಾರದು, ಪೆಡಸ್ಟಲ್ ಬೇಸಿನ್‌ನನ್ನೂ ಗೋಡೆಗೆ ಬಿಗಿಯಲೇಬೇಕು. ಬಾಡಿಗೆ ಮನೆ, ಕಡಿಮೆ ಖರ್ಚು, ಬೀರು ಬೇಡ, ಗ್ರಾನೈಟ್ ಕೆಲಸವೂ ಬೇಡ ಅನ್ನುವವರಿಗೆ ಇದು ಈಗಲೂ ಸರಿಯೇ.

ಬಣ್ಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬೋರ್‌ವೆಲ್ ನೀರಿನ ಮನೆಗೆ ಕಪ್ಪು ಮ್ಯಾಟ್ ಬೇಸಿನ್ ತರಬೇಡಿ. ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಬಿಳಿ ಸೆರಾಮಿಕ್‌ನಲ್ಲಿ ಸುಣ್ಣದ ಕಲೆ ಅಷ್ಟಾಗಿ ಕಾಣುವುದಿಲ್ಲ, ಅರಿಶಿನದ ಕಲೆಯೂ ಉಜ್ಜಿದರೆ ಹೋಗುತ್ತದೆ. ಮಾರ್ಬಲ್ ಬಟ್ಟಲಿಗೆ ನಿಂಬೆಹುಳಿ ಬಿದ್ದರೂ ಹೊಳಪು ಹೋಗುತ್ತದೆ, ಆ್ಯಸಿಡ್ ಹಾಕಿದರಂತೂ ಮುಗಿಯಿತು.

ಸಾಮಾನು ಇಡುವ ಜಾಗ

ವಾಲ್ ಹಂಗ್, ಪೆಡಸ್ಟಲ್ ಎರಡರಲ್ಲೂ ಕೆಳಗೆ ಜಾಗ ಸಿಗುವುದಿಲ್ಲ. ಬೇಕಾದರೆ ಮೇಲೆ ನಾಲ್ಕೈದು ಇಂಚು ಆಳದ ಕನ್ನಡಿ ಬೀರು ಹಾಕಿಸಬಹುದು, ಹ್ಯಾಂಡ್‌ವಾಶ್, ಬಾಚಣಿಗೆ, ಮಾತ್ರೆ ಡಬ್ಬಿಗೆ ಅಷ್ಟು ಸಾಕು.

ಸ್ಲ್ಯಾಬ್ ಇರುವ ಎರಡರಲ್ಲಿ ಯಾವುದರ ಕೆಳಗೆ ಜಾಸ್ತಿ ಹಿಡಿಯುತ್ತದೆ? ನೋಡಿದರೆ ಅಂಡರ್ ಕೌಂಟರ್ ಅನ್ನಿಸುತ್ತದೆ, ಸ್ಲ್ಯಾಬ್ ಎತ್ತರದಲ್ಲಿದೆಯಲ್ಲ. ಆದರೆ ಬಟ್ಟಲು ಒಳಗೆ ಏಳು ಇಂಚು ಇಳಿದು ನಡುಜಾಗವನ್ನೆಲ್ಲ ತಿಂದಿರುತ್ತದೆ, ಅದರ ಕೆಳಗೆ ಟ್ರ್ಯಾಪ್ ಬೇರೆ. ಟೇಬಲ್ ಟಾಪ್‌ನಲ್ಲಿ ಸ್ಲ್ಯಾಬ್ ತಗ್ಗಾದರೂ ಒಳಗೆ ಇಳಿಯುವುದು ಟ್ರ್ಯಾಪ್ ಒಂದೇ. ಹಾಗಾಗಿ ಎರಡಕ್ಕೂ ಹೆಚ್ಚುಕಡಿಮೆ ಸಮ. ಕೆಳಗಿನ ಜಾಗದ ಆಸೆಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿಲ್ಲ. ಎರಡರಲ್ಲೂ ಡ್ರಾಯರ್ ಬೇಡ, ಟ್ರ್ಯಾಪ್‌ಗೆ ಬಡಿಯುತ್ತದೆ. ಬಾಗಿಲಿನ ಬೀರು ಸಾಕು. ಪ್ಲೈವುಡ್ ಆದರೆ ನೀರಿಗೆ ತಡೆಯುವ, ಐಎಸ್ 710 ಗುರುತು ಇರುವುದನ್ನೇ ಹಾಕಿಸಿ, ನೆಲದಿಂದ ನಾಲ್ಕರಿಂದ ಆರು ಇಂಚು ಮೇಲಕ್ಕೆ ಬಿಡಿಸಿ. ಸ್ಲ್ಯಾಬಿನ ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ತೆಳು ಗೀರು ಕೊರೆಸಿದರೆ ಇಳಿಯುವ ನೀರು ಅಲ್ಲೇ ಹನಿಯಾಗಿ ಬೀಳುತ್ತದೆ, ಬೀರಿನ ಬಾಗಿಲವರೆಗೆ ಹರಿಯುವುದಿಲ್ಲ. ಕಲ್ಲು ಕತ್ತರಿಸುವವರಿಗೆ ಇದು ಐದು ನಿಮಿಷದ ಕೆಲಸ, ಕೇಳದಿದ್ದರೆ ಮಾತ್ರ ಮಾಡುವುದಿಲ್ಲ.

ಒಂದು ಮನೆಯ ಲೆಕ್ಕ

ನಮ್ಮ ಅಕ್ಕನ ಮನೆ ತುಮಕೂರಿನಲ್ಲಿ, 30-40 ಸೈಟಿನಲ್ಲಿ ಕಟ್ಟಿದ್ದು. ಊಟದ ಮನೆಯ ಪಕ್ಕ, ಮೆಟ್ಟಿಲ ಬದಿಯಲ್ಲಿ ಬೇಸಿನ್‌ಗೆ ಅಂತ ಒಂದು ಗೂಡು ಬಿಟ್ಟಿದ್ದರು. ಅಗಲ 36 ಇಂಚು, ಆಳ 20 ಇಂಚು, ಮೂರು ಕಡೆ ಗೋಡೆ. ಬಳಸುವವರು ಐದು ಜನ, ಅದರಲ್ಲಿ ಭಾವನ ತಾಯಿಗೆ ಮೊಣಕಾಲು ನೋವು. ನಿಲ್ಲುವಾಗ ಏನನ್ನಾದರೂ ಹಿಡಿದುಕೊಂಡೇ ನಿಲ್ಲುತ್ತಾರೆ. ಅಕ್ಕನಿಗೆ ದುಂಡನೆಯ ಟೇಬಲ್ ಟಾಪ್ ಮೇಲೆ ಕಣ್ಣು.

ಅದರ ಅಳತೆ 16 ಇಂಚು. ಅದರ ಹಿಂದೆ ನಲ್ಲಿಗೆ ನಾಲ್ಕು ಇಂಚು. ಎರಡೂ ಸೇರಿ 20, ಗೂಡಿನ ಆಳವೂ 20. ಮುಂದೆ ಒಂದು ಇಂಚೂ ಉಳಿಯುವುದಿಲ್ಲ. ಬಟ್ಟಲಿನಿಂದ ಇಳಿದ ಹನಿ ನೇರ ಬೀರಿನ ಮೇಲೆ. ನಲ್ಲಿಯನ್ನು ಗೋಡೆಗೆ ಹಾಕಿಸಿದರೆ ಆಗುತ್ತಿತ್ತು, ಆದರೆ ಆ ಹೊತ್ತಿಗೆ ಟೈಲ್ಸ್ ಹಾಕಿ ಆಗಿತ್ತು. ಅದನ್ನು ಒಡೆಯಲು ಯಾರಿಗೂ ಮನಸ್ಸಿರಲಿಲ್ಲ.

ವಾಲ್ ಹಂಗ್ ಅಳತೆಗೆ ಹೊಂದುತ್ತಿತ್ತು. ಆದರೆ ಆ ಗೋಡೆ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕಿನದು. ಡ್ರಿಲ್ ಹಾಕಿದರೆ ಬೆಣ್ಣೆಗೆ ಹಾಕಿದಂತೆ ಸಲೀಸಾಗಿ ಹೋಗುತ್ತದೆ, ಬಿಳಿ ಪುಡಿ ಉದುರುತ್ತದೆ. ಅಂಥ ಗೋಡೆಯಲ್ಲಿ ಮಾಮೂಲಿ ಬೋಲ್ಟ್ ಕಚ್ಚಿಕೊಳ್ಳುವುದಿಲ್ಲ. ಬೋಲ್ಟ್ ಬರುವ ಕಡೆ ಬ್ಲಾಕ್ ತೆಗೆದು ಕಾಂಕ್ರೀಟ್ ತುಂಬಬೇಕು, ಇಲ್ಲ ಆ ಬ್ಲಾಕಿಗೆಂದೇ ಬರುವ ಆ್ಯಂಕರ್ ಬಳಸಬೇಕು. ವಯಸ್ಸಾದವರು ದಿನವೂ ಮೈಭಾರ ಹಾಕಿ ಊರುವ ಬೇಸಿನ್‌ಗೆ ಅಷ್ಟು ಧೈರ್ಯ ಮಾಡಲು ಭಾವ ಒಪ್ಪಲಿಲ್ಲ. ಪೆಡಸ್ಟಲ್‌ಗೂ ಇದೇ ಗೋಡೆ, ಇದೇ ಬೋಲ್ಟ್. ಜೊತೆಗೆ ಎರಡೂ ಬದಿಯಲ್ಲಿ ಕೈ ಹೋಗದ ಮೂಲೆಗಳು.

ಉಳಿದದ್ದು ಅಂಡರ್ ಕೌಂಟರ್. ಸ್ಲ್ಯಾಬ್ ಎರಡು ಪಕ್ಕದ ಗೋಡೆಗಳ ಮೇಲೂ ಕೂರುತ್ತದೆ, ಹಾಗಾಗಿ ಊರಿ ನಿಂತರೆ ಭಯವಿಲ್ಲ. ಮೊದಲು ನೋಡಿದ ಬಟ್ಟಲಿನ ಒಳಗಿನ ಅಳತೆ ಮುಂದಿನಿಂದ ಹಿಂದಕ್ಕೆ 14 ಇಂಚು. ಹಿಂದೆ ನಲ್ಲಿಗೆ ನಾಲ್ಕೂವರೆ ಬಿಟ್ಟರೆ ಮುಂದೆ ಉಳಿಯುವುದು ಒಂದೂವರೆ ಇಂಚಿನ ಗ್ರಾನೈಟ್ ಪಟ್ಟಿ. ಅಷ್ಟು ಸಣ್ಣ ಪಟ್ಟಿ ಕತ್ತರಿಸುವಾಗಲೋ ಎತ್ತಿ ಕೂರಿಸುವಾಗಲೋ ಮುರಿಯುತ್ತದೆ. ಮುರಿಯದಿದ್ದರೆ ಮುಂದೆ ಯಾರಾದರೂ ಊರಿದಾಗ ಸೀಳುತ್ತದೆ. ಆಮೇಲೆ 12 ಇಂಚಿನದನ್ನು ಆರಿಸಿದರು. ಹಿಂದೆ ನಾಲ್ಕೂವರೆ, ನಡುವೆ ಹನ್ನೆರಡು, ಮುಂದೆ ಮೂರೂವರೆ. ಬಟ್ಟಲಿನ ಅಗಲ 18 ಇಂಚು, ಎಡಬಲಕ್ಕೆ ಒಂಬತ್ತೊಂಬತ್ತು. ಒಂದು ಕಡೆ ಸೋಪು, ಇನ್ನೊಂದು ಕಡೆ ಅತ್ತೆಯ ಕೈ.

ಸ್ಲ್ಯಾಬನ್ನು ಬಟ್ಟಲಿನ ಕಡೆಗೆ ಎರಡು ಮೂರು ಮಿಲಿಮೀಟರ್ ಇಳಿಜಾರು ಕೊಟ್ಟು ಹಾಕಿಸಿದರು. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಬಟ್ಟಲನ್ನು ಬರೀ ಅಂಟಿನ ಮೇಲೆ ಬಿಡದೆ ಕೆಳಗೆ ಎರಡು ಕಬ್ಬಿಣದ ಆ್ಯಂಗಲ್ ಕೊಟ್ಟಿದ್ದಾರೆ. ನೀರು ತುಂಬಿದ ಸೆರಾಮಿಕ್ ಬಟ್ಟಲಿನ ಭಾರವನ್ನು ವರ್ಷಗಟ್ಟಲೆ ಸಿಲಿಕಾನ್ ಒಂದೇ ಹೊರುತ್ತದೆ ಅಂತ ನಂಬಬಾರದು.

ಅಂಡರ್ ಕೌಂಟರ್‌ಗೆ ಒಂದು ದೊಡ್ಡ ತಕರಾರು ಇದೆ, ಅದನ್ನೂ ಹೇಳಬೇಕು. ಮುಂದೆ ಬಟ್ಟಲು ಬಿರುಕು ಬಿಟ್ಟರೆ ಅದೇ ಅಳತೆಯದೇ ಬೇಕು. ಆ ಮಾಡೆಲ್ ನಿಂತುಹೋಗಿದ್ದರೆ ಗ್ರಾನೈಟ್ ತೂತಿಗೆ ಹೊಂದುವ ಇನ್ನೊಂದನ್ನು ಹುಡುಕುತ್ತಾ ಅಲೆಯಬೇಕು. ಟೇಬಲ್ ಟಾಪ್‌ನಲ್ಲಿ ಈ ಗೋಳಿಲ್ಲ, ಸಿಲಿಕಾನ್ ಕೊಯ್ದು ಎತ್ತಿ ಇನ್ನೊಂದು ಇಟ್ಟರಾಯಿತು. ಅದಕ್ಕೇ ಅಪರೂಪಕ್ಕೆ ಬಳಸುವ, ಗೆಸ್ಟ್ ಬಾತ್‌ರೂಮಿನಂಥ ಜಾಗಕ್ಕೆ ಟೇಬಲ್ ಟಾಪ್ ಒಳ್ಳೆಯದೇ. ಅಕ್ಕನ ಆಸೆಯೂ ಅಲ್ಲಿ ತೀರಿತು, ಮಹಡಿಯ ಬಾತ್‌ರೂಮಿಗೆ ಆ ದುಂಡು ಬಟ್ಟಲನ್ನೇ ತಂದರು. ಮಕ್ಕಳ ಸಣ್ಣ ಬಾತ್‌ರೂಮಿಗೆ ವಾಲ್ ಹಂಗ್. ಅಲ್ಲಿನ ಗೋಡೆ ಸಾಲಿಡ್ ಬ್ಲಾಕಿನದು, ನೆಲ ಹೇಗೂ ಒದ್ದೆ.

ಕೊಳ್ಳುವ ಕ್ರಮ

ಅಳತೆ ಬರೆದುಕೊಂಡು ಹೋಗಿ ಮೊದಲು ಬೇಸಿನ್ ತನ್ನಿ, ಆಮೇಲೆ ಗ್ರಾನೈಟ್ ಕತ್ತರಿಸಿ. ಕ್ಯಾಟಲಾಗಿನ ಅಳತೆ ನೋಡಿ ಮೊದಲೇ ತೂತು ಕೊರೆಸುವುದು ಬೇಡ. ಸುಟ್ಟ ಸೆರಾಮಿಕ್ ಸ್ವಲ್ಪ ಕುಗ್ಗಿರುತ್ತದೆ, ಕೆಲವು ಬಟ್ಟಲು ಒಂದು ಬದಿ ಚೂರು ವಾಲಿರುತ್ತವೆ. ಅಂಗಡಿಯಲ್ಲೇ ಬಟ್ಟಲನ್ನು ಸಮತಟ್ಟಾದ ಗಾಜಿನ ಮೇಜಿನ ಮೇಲೆ ಬೋರಲು ಹಾಕಿ ಒತ್ತಿ ನೋಡಿ. ಅಲುಗಾಡಿದರೆ ಇನ್ನೊಂದು ಕೇಳಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನಬೇಕು, ಮಂಕಾಗಿ ಡಬ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕಿರಬಹುದು. ಪೆಡಸ್ಟಲ್ ತರುವವರು ಡ್ರೈನ್ ಪೈಪು ಸರಿಯಾಗಿ ನಡುವೆ ಬಂದಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಎರಡು ಇಂಚು ಪಕ್ಕಕ್ಕಿದ್ದರೂ ಕಂಬದ ಹಿಂದೆ ಅಡಗುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಸಿಲಿಕಾನ್‌ಗೆ ಒಂದು ದಿನ ಪೂರ್ತಿ ಒಣಗಲು ಬಿಡಿ, ಅಲ್ಲಿಯವರೆಗೆ ನಲ್ಲಿ ತೆರೆಯಬೇಡಿ. ಪ್ಲಂಬರ್‌ಗೆ ಕೊನೆಯ ಕಂತಿನ ದುಡ್ಡು ಕೊಡುವುದನ್ನೂ ಅಷ್ಟೇ ಮುಂದೂಡಿ. ಮರುದಿನ ಬಟ್ಟಲು ತುಂಬ ನೀರು ಹಿಡಿದು ಒಮ್ಮೆಲೇ ಬಿಟ್ಟು, ಬಟ್ಟಲಿನ ತಳಕ್ಕೆ ಪೈಪು ಸೇರುವ ಕಪ್ಲಿಂಗ್ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಒಂದು ಹನಿ ಜಿನುಗಿದರೂ ಕಾಗದದ ಮೇಲೆ ಗೊತ್ತಾಗುತ್ತದೆ.